ಪದಚರ್ಚೆ: ‘ತುಂಬುವ ಒತ್ತಡ’ ಯಾವುದು, ಹವಾದ್ದೋ ನೀರಿನದ್ದೋ?

ಕೇಳಿದವರು: ಅನುವಾದಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ 12 ಅಂತಸ್ತಿನ ಆಸ್ಪತ್ರೆಯೊಂದರ ಬಾಯ್ಲರ್ ಕೋಣೆಗೆ ಕನ್ನಡದಲ್ಲಿ ಸೂಚನಾ ಫಲಕ ಬರೆಯುತ್ತಿದ್ದೇನೆ. ನಮ್ಮ ಬಿಸಿಲೂರಿಗೆ ಹೀಟಿಂಗ್ ಯಾಕೆ ಎಂದು ಕೇಳಬೇಡಿ. ಆಪರೇಷನ್ ಥಿಯೇಟರಿನ ಗಾಳಿಯನ್ನು ತಣಿಸಿ ತೇವ ತೆಗೆದ ಮೇಲೆ ಮತ್ತೆ ತುಸು ಬೆಚ್ಚಗೆ ಮಾಡಲು ಬಿಸಿನೀರು ಬೇಕು. ಆ ನೀರು ಮುಚ್ಚಿದ ಪೈಪಿನಲ್ಲೇ ಸುತ್ತುತ್ತದೆ.

ಕಾದ ನೀರು ಹಿಗ್ಗಿದಾಗ ಅದಕ್ಕೆ ಜಾಗ ಕೊಡಲು ಒಂದು ಎಕ್ಸ್‌ಪಾನ್ಶನ್ ಟ್ಯಾಂಕ್ ಇದೆ. ಕೈಪಿಡಿಯಲ್ಲಿ ಪ್ರೀ-ಚಾರ್ಜ್ ಪ್ರೆಶರ್ 4.2 ಬಾರ್, ಫಿಲ್ ಪ್ರೆಶರ್ 4.4 ಬಾರ್ ಎಂದಿದೆ. ನಾನು ಎರಡಕ್ಕೂ ‘ತುಂಬುವ ಒತ್ತಡ’ ಎಂದು ಬರೆದಿದ್ದೆ. ಕರಡು ಓದಿದ ಆಪರೇಟರ್ “ಯಾವುದನ್ನ ತುಂಬೋದ್ರಿ ಮೇಡಂ?” ಎಂದರು. ಅದೇ ಕೈಪಿಡಿಯಲ್ಲಿ ಬಾಯ್ಲರಿನ ಪಿಆರ್‌ವಿ ಎಂಬುದನ್ನು ‘ಒತ್ತಡ ತಗ್ಗಿಸುವ ವಾಲ್ವ್’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ: ಭೌತಶಾಸ್ತ್ರದ ಅಧ್ಯಾಪಕರು, ಬೀದರ್

ಶಾಲಾ ಪುಸ್ತಕಗಳಲ್ಲಿ ‘ವ್ಯಾಕೋಚನ’ ಬಳಕೆಯಲ್ಲಿದೆ, ಆದ್ದರಿಂದ ಎಕ್ಸ್‌ಪಾನ್ಶನ್ ಟ್ಯಾಂಕಿಗೆ ‘ವ್ಯಾಕೋಚನ ಪಾತ್ರೆ’ ಎನ್ನಿ. ಪ್ರೀ-ಚಾರ್ಜ್‌ಗೆ ‘ಪೂರ್ವಪೂರಣ’ ಆಗಬಹುದು. ಆದರೆ ಎರಡು ಪದಗಳ ಅಗತ್ಯ ನನಗೆ ಕಾಣುತ್ತಿಲ್ಲ. ಟ್ಯಾಂಕಿನೊಳಗೆ ರಬ್ಬರ್ ಪೊರೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಪೊರೆ ಮೆತ್ತಗಿರುವುದರಿಂದ ಎರಡೂ ಕಡೆಯ ಒತ್ತಡ ಒಂದೇ. 4.2 ಮತ್ತು 4.4ರ ನಡುವಿನದು ಗೇಜಿನ ತಪ್ಪಿನಷ್ಟು ಸಣ್ಣ ವ್ಯತ್ಯಾಸ.

ಉತ್ತರ: ಕಟ್ಟಡ ಸೇವೆಗಳ ಇಂಜಿನಿಯರ್, ಕಲಬುರಗಿ

ಗುರುಗಳು ಹೇಳಿದ ಸಮತೋಲ ನಿಜ, ಮೋಸ ಹೋಗುವುದೂ ಅಲ್ಲೇ. ಟ್ಯಾಂಕಿಗೆ ನೀರು ನುಗ್ಗಿದ ಮೇಲೆ ಗಾಳಿಯ ಕಡೆ ಗೇಜ್ ಹಚ್ಚಿದರೆ ಅದು ತೋರಿಸುವುದು ನೀರಿನ ಒತ್ತಡವನ್ನೇ. ಒಳಗೆ ಗಾಳಿ ಎಷ್ಟಿದೆ ಎಂಬುದು ಅದರಿಂದ ತಿಳಿಯದು. 4.2 ಎಂಬುದು ನೀರಿಲ್ಲದ ಖಾಲಿ ಟ್ಯಾಂಕಿನ ಗಾಳಿಯ ಒತ್ತಡ. 4.4 ಎಂಬುದು ತಣ್ಣಗಿರುವಾಗ ಟ್ಯಾಂಕಿನ ಬಳಿ ಸರ್ಕ್ಯೂಟಿನ ನೀರಿನ ಒತ್ತಡ.

ಲೆಕ್ಕ ನೋಡಿ. ಟ್ಯಾಂಕು ನೆಲಮಹಡಿಯಲ್ಲಿದೆ, ಪೈಪಿನ ತುದಿ 40 ಮೀಟರ್ ಮೇಲಿದೆ ಎಂದುಕೊಳ್ಳಿ. ಅಷ್ಟು ನೀರಿನ ಭಾರವೇ ಸುಮಾರು 3.9 ಬಾರ್. ತುದಿಯಲ್ಲೂ ಒತ್ತಡ ಉಳಿದು ಗಾಳಿ ಒಳಗೆ ಎಳೆಯದಿರಲಿ ಎಂದು 0.3 ಸೇರಿಸಿದರೆ 4.2. ಸರ್ಕ್ಯೂಟಿನಲ್ಲಿ 3,000 ಲೀಟರ್ ನೀರಿದ್ದು 25 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಶೇ 2.6ರಷ್ಟು, ಅಂದರೆ 78 ಲೀಟರ್ ಹಿಗ್ಗುತ್ತದೆ. ಇದಕ್ಕೆ ಶೇ 0.5ರ ಮೀಸಲು 15 ಲೀಟರ್ ಸೇರಿಸಿ: 93 ಲೀಟರಿಗೆ ಜಾಗ ಬೇಕು.

ಸೇಫ್ಟಿ ವಾಲ್ವ್ 7 ಬಾರಿಗೆ ತೆರೆಯುವುದಾದರೆ, ಅದಕ್ಕಿಂತ ಶೇ 10 ಕೆಳಗೆ, 6.3ರಲ್ಲೇ ಒತ್ತಡ ನಿಲ್ಲಬೇಕು. 6.3ರಲ್ಲಿ 4.2 ಕಳೆದು, ಬಂದದ್ದನ್ನು 7.3ರಿಂದ ಭಾಗಿಸಿ (ವಾತಾವರಣದ 1 ಬಾರ್ ಸೇರಿದೆ). 0.288 ಬರುತ್ತದೆ. ಟ್ಯಾಂಕಿನಲ್ಲಿ ನೀರಿಗೆ ಸಿಗುವ ಪಾಲು ಇಷ್ಟೇ. 93ನ್ನು ಅದರಿಂದ ಭಾಗಿಸಿದರೆ 323 ಲೀಟರ್. ಮಾರುಕಟ್ಟೆಯಲ್ಲಿ ಅದರ ಮೇಲಿನದು 400. ಆ 400ರಲ್ಲಿ 15 ಲೀಟರ್ ಮೀಸಲು ಕೂತಾಗ ಗೇಜು 4.4 ತೋರಿಸುತ್ತದೆ, ನಿಮ್ಮ ಎರಡನೇ ಅಂಕಿ ಬಂದದ್ದು ಅಲ್ಲಿಂದ. ಪೂರ್ತಿ ಕಾದಾಗ ಸುಮಾರು 5.8.

ಈಗ ಫಲಕ ಓದಿದವರು ‘ತುಂಬುವುದು’ ನೀರನ್ನೇ ಎಂದುಕೊಂಡು, ಕಾರ್ಖಾನೆಯಿಂದ 1.5 ಬಾರ್ ಗಾಳಿಯೊಂದಿಗೆ ಬಂದ ಟ್ಯಾಂಕನ್ನು ಹಾಗೇ ಜೋಡಿಸಿದರು ಎನ್ನಿ. 4.4ಕ್ಕೆ ನೀರು ಬಿಟ್ಟ ಕೂಡಲೇ ತಣ್ಣಗಿರುವಾಗಲೇ 215 ಲೀಟರ್ ಟ್ಯಾಂಕಿನೊಳಗೆ ಹೋಗಿ ಕೂರುತ್ತದೆ. ಕಾಯಿಸಿದರೆ ಒತ್ತಡ 8 ಬಾರ್ ದಾಟಲು ಹವಣಿಸುತ್ತದೆ, 7ಕ್ಕೇ ಸೇಫ್ಟಿ ವಾಲ್ವ್ ಉಗುಳುತ್ತದೆ. ಬಾಯ್ಲರ್ ಹಚ್ಚಿದಾಗಲೆಲ್ಲ ಹನಿ, ಆರಿದಾಗ ಗೇಜು 4ಕ್ಕಿಂತ ಕೆಳಗೆ, ಮೇಲಿನ ಮಹಡಿಯ ಪೈಪಿನಲ್ಲಿ ಗಾಳಿಯ ಗುಳುಗುಳು. ಆಮೇಲೆ ದಿನವೂ ಗಡಸು ಬೋರ್ ನೀರು ಸೇರಿಸುತ್ತ ಹೋದರೆ ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತದೆ. ಎಲ್ಲರೂ ವಾಲ್ವನ್ನು ಬೈದು ಬದಲಿಸುತ್ತಾರೆ. ತಪ್ಪು ಟ್ಯಾಂಕಿನ ಗಾಳಿಯಲ್ಲಿರುತ್ತದೆ.

ಉತ್ತರ: ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಯಾದಗಿರಿ

ನಮ್ಮಲ್ಲೂ ಕೆಂಪು ಟ್ಯಾಂಕ್ ಇದೆ, ಬೂಸ್ಟರ್ ಪಂಪಿನ ಪಕ್ಕ. ಪಂಪು ಶುರುವಾಗುವ ಒತ್ತಡಕ್ಕಿಂತ ತುಸು ಕಡಿಮೆ ಗಾಳಿ ಇಡಬೇಕು ಎಂದು ಪ್ಲಂಬರ್ ಹೇಳುತ್ತಾರೆ. ಕೆಳಗಿನ ಮಹಡಿಗಳ ಪೈಪಿಗೆ ಪಿಆರ್‌ವಿ ಹಾಕಿಸಿದ ಮೇಲೆ ನಲ್ಲಿಯ ರಭಸವೂ ಕಡಿಮೆಯಾಯಿತು. ಹಾಗಾಗಿ ‘ಒತ್ತಡ ತಗ್ಗಿಸುವ ವಾಲ್ವ್’ ಸರಿಯಾಗೇ ಇದೆ. 4.2 ಮಾತ್ರ ಬಹಳ ಹೆಚ್ಚಾಯಿತಲ್ಲ?

ಉತ್ತರ: ಇಂಜಿನಿಯರ್

ಸರ್, ನಿಮ್ಮ ಪ್ಲಂಬರ್ ಹೇಳಿದ್ದು ಬೂಸ್ಟರ್ ಟ್ಯಾಂಕಿಗೆ ಸರಿ. ಇಲ್ಲಿ ಗಾಳಿಯನ್ನು ನಿರ್ಧರಿಸುವುದು ಪಂಪಲ್ಲ, ಮೇಲಿರುವ ನೀರಿನ ಎತ್ತರ. ಇದೇ ಟ್ಯಾಂಕನ್ನು ಮಾಳಿಗೆಯ ಮೇಲಿಟ್ಟು 1 ಬಾರ್ ಗಾಳಿ ಕೊಟ್ಟು, ಅಲ್ಲಿ 2.7ಕ್ಕೆ ನಿಲ್ಲಿಸಿದರೆ 203 ಲೀಟರಿನದೇ ಸಾಕು. ಆದರೆ ಆಗಲೂ ಕೆಳಗಿನ ಬಾಯ್ಲರ್ 6.6 ಬಾರ್ ಹೊರಬೇಕು. ಬಾಯ್ಲರಿನ ಬಳಿಯ ವಾಲ್ವನ್ನು ಅದನ್ನು ನೋಡಿಯೇ ಆರಿಸಬೇಕು.

ನಿಮ್ಮ ಪಿಆರ್‌ವಿ ಸದಾ ನೀರು ಬಿಡುತ್ತ ಮುಂದಿನ ಒತ್ತಡವನ್ನು ತಗ್ಗಿಸುತ್ತದೆ. ಬಾಯ್ಲರಿನ ಪಿಆರ್‌ವಿ ಎಂದರೆ ಸೇಫ್ಟಿ ವಾಲ್ವ್, ಅದು ಸದಾ ಮುಚ್ಚಿದ್ದು, ಮಿತಿ ಮೀರಿದಾಗ ಮಾತ್ರ ಹೊರಗೆ ಬಿಡುತ್ತದೆ. ಎರಡಕ್ಕೂ ಅವೇ ಮೂರು ಅಕ್ಷರ. ‘ತಗ್ಗಿಸುವ’ ಎಂದು ಬರೆದರೆ ಅಂಗಡಿಯಿಂದ ಬೇರೆಯದೇ ಬರುತ್ತದೆ. ಸೇಫ್ಟಿ ವಾಲ್ವನ್ನು ಪೈಪಿನ ಅಳತೆ ನೋಡಿ ಕೊಳ್ಳುವುದೂ ತಪ್ಪು. ಬಾಯ್ಲರ್ 200 ಕಿಲೋವ್ಯಾಟ್ ಆಗಿದ್ದು ಥರ್ಮೋಸ್ಟಾಟ್ ಕೆಟ್ಟು ಕಾಯುತ್ತಲೇ ಹೋದರೆ, ಆ ಶಾಖವೆಲ್ಲ ಗಂಟೆಗೆ ಸುಮಾರು 350 ಕಿಲೋ ಹಬೆಯಾಗಿ ಹೊರಬೀಳಬೇಕು. ವಾಲ್ವಿನ ತಗಡಿನ ಮೇಲೆ 7 ಬಾರಿಗೆ ಅಷ್ಟು ಸಾಮರ್ಥ್ಯ ಬರೆದಿರಬೇಕು. ಬಾಯ್ಲರಿಗೂ ಅದಕ್ಕೂ ನಡುವೆ ಬೇರೆ ವಾಲ್ವ್ ಕೂಡದು.

ಉತ್ತರ: ಬಾಯ್ಲರ್ ಆಪರೇಟರ್, ಕಲಬುರಗಿ

ಮೇಡಂ, ಪೂರ್ವಪೂರಣ ಅಂದ್ರ ನಮಗ ತಿಳ್ಯಾಂಗಿಲ್ರಿ. ನಮ್ಮ ಕಡಿ ಗಾಡಿಗಿ ಹವಾ ಹೊಡಸ್ತೀವಿ, ಟಾಕಿಗಿ ನೀರು ತುಂಬ್ತೀವಿ. ‘ಹವಾ 4.2, ನೀರು 4.4’ ಅಂತ ಬರೀರಿ, ಆಯ್ತು. ಹವಾ ನೋಡೋಕಿಂತ ಮೊದ್ಲು ಟಾಕಿಯ ವಾಲ್ವ್ ಬಂದ್ ಮಾಡಿ ಒಳಗಿನ ನೀರೆಲ್ಲ ಬಿಡಬೇಕು, ಅದನ್ನ ದಪ್ಪ ಅಕ್ಷರದಾಗ ಬರೀರಿ. ಪಂಕ್ಚರ್ ಅಂಗಡಿ ಗೇಜ್ ನಡೀತದ, ಆದ್ರ ಅದು ಪಿಎಸ್‌ಐ ತೋರಸ್ತದ, 61 ಬರಬೇಕು. ಹವಾದ ಪಿನ್ ಒತ್ತಿದಾಗ ನೀರು ಬಂತಂದ್ರ ರಬ್ಬರ್ ಹರದದ.

ಉತ್ತರ: ಅಧ್ಯಾಪಕರು, ಬೀದರ್

ಒಂದೇ ಪದ ಸಾಕೆಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ‘ಹವಾ’ ಒಪ್ಪಿದೆ. ಇನ್ನೊಂದು ಪ್ರಶ್ನೆ. ಮೇ ತಿಂಗಳಲ್ಲಿ 35 ಡಿಗ್ರಿಯ ನೀರು ತುಂಬಿ, ಡಿಸೆಂಬರಿನಲ್ಲಿ ಬಾಯ್ಲರ್ ನಿಲ್ಲಿಸಿದಾಗ ಅದು 18ಕ್ಕೆ ಇಳಿದರೆ ಸುಮಾರು 14 ಲೀಟರ್ ಕುಗ್ಗುತ್ತದೆ. ನಿಮ್ಮ 15 ಲೀಟರ್ ಮೀಸಲು ಅಲ್ಲಿಗೇ ಮುಗಿಯಿತಲ್ಲವೇ?

ಉತ್ತರ: ಇಂಜಿನಿಯರ್

ಹೌದು ಗುರುಗಳೇ, ಒಳ್ಳೆಯ ಕಡೆ ಕೈಯಿಟ್ಟಿರಿ. ಬೇಸಿಗೆಯಲ್ಲಿ ತುಂಬುವುದಾದರೆ ಮೀಸಲನ್ನು 30 ಲೀಟರ್ ಇಡುತ್ತೇನೆ. 400ರ ಟ್ಯಾಂಕಿನಲ್ಲಿ ಗೇಜು ಆಗ 4.6 ತೋರಿಸಬೇಕು. ಕಾದಾಗ 6.3ರ ಒಳಗೇ ಉಳಿಯುತ್ತದೆ.

ಕೇಳಿದವರು

ಎಲ್ಲರಿಗೂ ವಂದನೆ. ಫಲಕದ ಸಾಲು ಹೀಗೆ ಬದಲಿಸಿದ್ದೇನೆ: ‘ಖಾಲಿ ಟಾಕಿಯ ಹವಾ: 4.2 ಬಾರ್ (61 ಪಿಎಸ್‌ಐ). ತಣ್ಣಗಿರುವಾಗ ನೀರು: 4.4 ಬಾರ್, ಬೇಸಿಗೆಯಲ್ಲಿ ತುಂಬಿದರೆ 4.6.’ ಪಿಆರ್‌ವಿ ಇದ್ದಲ್ಲಿ ‘ಸೇಫ್ಟಿ ವಾಲ್ವ್, 7 ಬಾರ್’. ಉಳಿದದ್ದು ಟಾಕಿಯ ಹೆಸರು. ‘ಹಿಗ್ಗುಟಾಕಿ’ ಎಂದರೆ ಮಾಳಿಗೆಯ ನೀರಿನ ಟಾಕಿಯ ಜೊತೆ ಗೊಂದಲವಾದೀತೇ, ಇಲ್ಲಾ ‘ಎಕ್ಸ್‌ಪಾನ್ಶನ್ ಟ್ಯಾಂಕ್’ ಎಂದೇ ಬಿಡಲೇ? ಫಲಕ ಅಚ್ಚಿಗೆ ಹೋಗಲು ಇನ್ನೂ ಒಂದು ವಾರವಿದೆ.