ಸಹಾಯ ಬೇಕು: ಯೂರಿಯಾ ಸ್ಟಾಕ್ ಶೀಟಿನ ಕೆಂಪು ಗುರುತು ಸೆಕ್ರೆಟರಿಯವರಿಗೆ ಹೇಗೆ ತಿಳಿಸಲಿ?

ನಮಸ್ಕಾರ್ರೀ. ಮುಧೋಳ ಕಡೆ ನಮ್ಮೂರ ಸೊಸೈಟಿಯ ಗೊಬ್ಬರದ ಸ್ಟಾಕಿಗೆ ಎಕ್ಸೆಲ್ ಶೀಟ್ ಮಾಡಿದ್ದೇನೆ. ಸೆಕ್ರೆಟರಿಯವರಿಗೆ ಬರೆದ ಚೀಟಿ ಕೆಳಗಿದೆ, ಓದಿ ಹೇಳಿ.

"ಸರ್, ಗೋದಾಮಿನಲ್ಲಿ 180 ಚೀಲ ಯೂರಿಯಾ ಇದೆ. ಆರ್ಡರ್ ಹಾಕಿದರೆ ಲಾರಿ ಬರಲು 8 ದಿನ ಬೇಕು. ತಿಂಗಳ ಸರಾಸರಿ ಹಿಡಿದರೆ ದಿನಕ್ಕೆ 12 ಚೀಲ ಹೋಗುತ್ತದೆ, ಅಂದರೆ 15 ದಿನ ಸಾಕು, ಗುರುತು ಬೀಳುವುದಿಲ್ಲ. ಆದರೆ ಮಳೆ ಆದಮೇಲೆ ಈ ವಾರ ದಿನಕ್ಕೆ 30 ಚೀಲ ಹೋಗ್ತಿದೆ. ಹಂಗಾದರೆ 6 ದಿನಕ್ಕೇ ಖಾಲಿ, ಲಾರಿ ಬರೋವರೆಗೆ 2 ದಿನ ರೈತರು ಬರಿಗೈಲಿ ಹೋಗಬೇಕು. ಅದಕ್ಕೇ ಗುರುತು ಕೆಂಪಾಗಿದೆ."

ಸೂತ್ರ ಇದು. B2 ಸ್ಟಾಕ್, C2 ದಿನದ ಮಾರಾಟ, D2 ಲಾರಿ ಬರುವ ದಿನಗಳು:

```
=IF(B2<=C2*D2,"ಆರ್ಡರ್ ಹಾಕಿ","ಸಾಕು")
```

ಒಂದು ತೊಡಕು. ಆರ್ಡರ್ ಹಾಕಿದ ಮೇಲೂ ಲಾರಿ ಬರೋತನಕ ಗುರುತು ಹಾಗೇ ಇರುತ್ತದೆ, ಯಾರಾದರೂ ಮತ್ತೊಂದು ಆರ್ಡರ್ ಹಾಕಿಬಿಟ್ಟರೆ ಜಾಸ್ತಿ ಮಾಲು ಬಂದು ಗೋದಾಮು ತುಂಬಿ ರೊಕ್ಕ ಸಿಕ್ಕಿಬೀಳುತ್ತದೆ. ದಾರಿಯಲ್ಲಿರುವ ಚೀಲಗಳನ್ನು B2ಗೇ ಕೂಡಿಸಲೋ, ಬೇರೆ ಕಾಲಂ ಮಾಡಲೋ? ಸೊಸೈಟಿಯಲ್ಲಿ ಲೆಕ್ಕ ನೋಡುವವರು ಯಾರಾದರೂ ಹೇಳಿ.