ಸಹಾಯ ಬೇಕು: ಸಿಲಿಂಡರ್ ಬೇಗ ಖಾಲಿ, ದೊಡ್ಡ ಬರ್ನರ್ ಮೇಲೆ ಅನುಮಾನ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಜನ ಅಷ್ಟೇ, ಅಡುಗೆಯೂ ಅಷ್ಟೇ. ಆದರೂ ಸಿಲಿಂಡರ್ ಮೊದಲಿಗಿಂತ ಬೇಗ ಮುಗಿಯುತ್ತಿದೆ. ಸೋರಿಕೆ ಇರಬಹುದೆಂದು ರೆಗ್ಯುಲೇಟರ್, ಪೈಪ್, ನಾಬ್‌ಗಳ ಹತ್ತಿರ ಸೋಪು ನೀರು ಹಚ್ಚಿ ನೋಡಿದೆ. ಎಲ್ಲೂ ಗುಳ್ಳೆ ಬರಲಿಲ್ಲ.

ಚಿಕ್ಕ ಬರ್ನರ್ ನೀಲಿಯಾಗಿ ಉರಿಯುತ್ತದೆ. ದೊಡ್ಡದರಲ್ಲಿ ಮಾತ್ರ ತುದಿ ಹಳದಿ, ಪಾತ್ರೆಯ ತಳಕ್ಕೆ ಮಸಿ. ಮಸಿ ಅಂದರೆ ಪೂರ್ತಿ ಉರಿಯದ ಗ್ಯಾಸ್ ಅಲ್ವಾ? ಒಂದೇ ಪಾತ್ರೆಯಲ್ಲಿ 1 ಲೀಟರ್ ನೀರಿಟ್ಟು, ಮುಚ್ಚಳ ಹಾಕಿ ಎರಡರಲ್ಲೂ ಕುದಿಸಿದೆ. ದೊಡ್ಡ ಬರ್ನರ್ ಬೇಗ ಕುದಿಸಬೇಕಿತ್ತು. ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಂಡಿತು. ಆ ಪಾತ್ರೆ ಸಣ್ಣದು, ಜ್ವಾಲೆ ತಳ ದಾಟಿ ಪಕ್ಕಕ್ಕೆ ಏರುತ್ತಿತ್ತು, ಅದರ ಪಾಲೂ ಇರಬಹುದು. ಅಗಲ ತಳದ ಪಾತ್ರೆಯಲ್ಲಿ ಇನ್ನೂ ನೋಡಬೇಕು.

ಬರ್ನರ್ ತಲೆ ಬಿಚ್ಚಿ, ತೂತುಗಳನ್ನು ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ ಹಾಕಿದೆ. ಹಳದಿ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಈಗ ಉಳಿದಿದ್ದು ಎರಡು ಅನುಮಾನ. ಗಾಳಿ ಬೆರೆಯುವ ಕೊಳವೆಯಲ್ಲಿ ಧೂಳು ಅಥವಾ ಜೇಡರ ಬಲೆ ಇರಬಹುದು. ಇಲ್ಲವೇ ಹಿಂದೆ ರಿಪೇರಿಗೆ ಬಂದವರು ಜೆಟ್‌ಗೆ ಪಿನ್ ಚುಚ್ಚಿದ್ದರು, ತೂತು ದೊಡ್ಡದಾಗಿ ಗ್ಯಾಸ್ ಜಾಸ್ತಿ ಬರುತ್ತಿರಬಹುದು.

ಇವೆರಡರಲ್ಲಿ ಯಾವುದು ಅಂತ ಬಿಚ್ಚದೆಯೇ ತಿಳಿಯುವ ದಾರಿ ಇದೆಯೇ? ಜೆಟ್ ಬದಲಿಸಿದವರಿಗೆ ಜ್ವಾಲೆ ಪೂರ್ತಿ ನೀಲಿಯಾಯಿತಾ?

ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಿ ಬೇಯಿಸುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಹಾಗಾಗಿ ಒಲೆಯ ಬಗ್ಗೆಯೇ ಹೇಳಿ.