ಗಂಧಕ ಇಳಿದರೂ ಹಡಗಿನ ಮಸಿ ಏಕೆ ಬೀಳುತ್ತದೆ?

ಸುಜಾತಾ, ಪಣಂಬೂರು: ನಮ್ಮ ಮನೆ ಬಂದರಿನ ಹತ್ತಿರ. ಮಧ್ಯಾಹ್ನ ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳ ಮೇಲೆ ಕಪ್ಪು ಚುಕ್ಕೆ ಬೀಳುತ್ತಿದೆ. ಹಡಗಿನ ಇಂಧನದ ಗಂಧಕಕ್ಕೆ 2020ರಲ್ಲೇ ಮಿತಿ ಬಂತಲ್ಲ, ಮತ್ತೆ ಇದೆಲ್ಲಿಂದ?

ಗಣೇಶ: ಹಾಗಾದರೆ ಹಡಗಿನದ್ದಲ್ಲ. ಆ ನಿಯಮ ಬಂದ ಮೇಲೆ ಹಡಗುಗಳೆಲ್ಲ ಡೀಸೆಲ್‌ಗೆ ಬದಲಾದವು.

ರಫೀಕ್, ಹಡಗಿನ ಎಂಜಿನಿಯರ್: ಮಿತಿ ಬಂದದ್ದು ನಿಜ, ಗಣೇಶ್. 3.5 ಶೇಕಡಾ ಇದ್ದದ್ದು 2020ರ ಜನವರಿ 1ರಿಂದ 0.5ಕ್ಕೆ ಇಳಿಯಿತು. ಆದರೆ ಹೆಚ್ಚಿನ ಹಡಗುಗಳು ಈಗಲೂ ಸುಡುವುದು ಸಂಸ್ಕರಣಾಗಾರದಲ್ಲಿ ಕೊನೆಗೆ ಉಳಿಯುವ ಮಂದ ಎಣ್ಣೆಯನ್ನು ಬೆರೆಸಿದ ಇಂಧನವನ್ನೇ. ಬಿಸಿ ಮಾಡದಿದ್ದರೆ ಅದು ಸರಿಯಾಗಿ ಹರಿಯುವುದಿಲ್ಲ. ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಸ್ಕ್ರಬ್ಬರ್ ಇದ್ದರೆ ಹಳೆಯ ಹೆಚ್ಚು ಗಂಧಕದ ಎಣ್ಣೆಯನ್ನೂ ಸುಡಬಹುದು.

ಲೆಕ್ಕ ನೋಡಿ. ಹಡಗು ಬಂದರಿನಲ್ಲಿ ನಿಂತಾಗ ಮುಖ್ಯ ಎಂಜಿನ್ ಆರಿದ್ದರೂ ವಿದ್ಯುತ್ತಿಗಾಗಿ ಜನರೇಟರ್‌ಗಳು, ಉಗಿಗಾಗಿ ಬಾಯ್ಲರ್ ನಡೆಯುತ್ತಲೇ ಇರುತ್ತವೆ. ದಿನಕ್ಕೆ 5 ಟನ್ ಉರಿಯಿತು ಎಂದುಕೊಳ್ಳೋಣ. 0.5 ಶೇಕಡಾ ಎಂದರೆ 25 ಕಿಲೊ ಗಂಧಕ. ಉರಿದಾಗ ಆಮ್ಲಜನಕ ಸೇರಿ ಸುಮಾರು 50 ಕಿಲೊ ಗಂಧಕದ ಡೈಆಕ್ಸೈಡ್ ಆಗುತ್ತದೆ. ಹಳೆಯ ಮಿತಿಯಲ್ಲಿ ಅದು 350 ಕಿಲೊ. ಐರೋಪ್ಯ ಒಕ್ಕೂಟದ ಬಂದರುಗಳಲ್ಲಿ ನಿಂತ ಹಡಗಿಗೆ 2010ರಿಂದಲೇ 0.1ರ ಮಿತಿಯಿದೆ, ಅಲ್ಲಿ 10 ಕಿಲೊ. ನಮ್ಮ ತೀರಕ್ಕೂ ಅದೇ ಮಿತಿ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮಸಿ ಬೇರೆಯೇ ವಿಷಯ. ಗಂಧಕ ಕಡಿಮೆಯಾದ ಮಾತ್ರಕ್ಕೆ ಮಸಿ ನಿಲ್ಲುವುದಿಲ್ಲ. ಎಂಜಿನ್ ಕಡಿಮೆ ಹೊರೆಯಲ್ಲಿ ಓಡುವಾಗ ಟರ್ಬೊ ಸಾಕಷ್ಟು ಗಾಳಿ ಕೊಡದು. ಎಣ್ಣೆ ಅರೆಬರೆ ಉರಿದು ಕರಿ ಹೊಗೆ ಬರುತ್ತದೆ. ಬಾಯ್ಲರಿನ ಬರ್ನರ್ ಕೊಳೆಯಾಗಿದ್ದರೂ ಅಷ್ಟೇ.

ಉಮೇಶ, ಮಲ್ಪೆ: ನಮ್ಮ ಟ್ರಾಲ್ ದೋಣಿಯೂ ಬೆಳಗ್ಗೆ ಚಾಲೂ ಮಾಡಿದಾಗ ಬಿಳಿ ಹೊಗೆ ಬಿಡುತ್ತದೆ. ಅದೂ ಗಂಧಕವೇ?

ರಫೀಕ್: ಅಲ್ಲ ಉಮೇಶಣ್ಣ, ನಿಮ್ಮದು ಡೀಸೆಲ್. ತಣ್ಣಗಿನ ಎಂಜಿನಿನಲ್ಲಿ ಉರಿಯದೆ ಉಳಿದ ಎಣ್ಣೆಯ ಆವಿ ಅದು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ತೋರಿಸಿ.

ಸುಜಾತಾ: ಇಲ್ಲಿ ಕಲ್ಲಿದ್ದಲನ್ನೂ ಇಳಿಸುತ್ತಾರೆ. ಅದರ ಧೂಳೇ ಆಗಿರಬಹುದೇ?

ರಫೀಕ್: ಆಗಿರಬಹುದು. ಚುಕ್ಕೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಕಲ್ಲಿದ್ದಲಾದರೆ ಮರಳಿನಂತೆ ಕಣಕಣವಾಗಿ ಸಿಗುತ್ತದೆ, ಮಸಿಯಾದರೆ ಜಿಡ್ಡಾಗಿ ಹರಡುತ್ತದೆ. ಗಂಧಕದ ಹೊಗೆಯಿಂದಾದ ಆಮ್ಲ ಹೀರಿದ ಮಸಿ ಬಟ್ಟೆಯಲ್ಲಿ ಕಂದು ಕಲೆಯನ್ನೂ ಬಿಡಬಹುದು. ಹಗಲು ಕಡಲ ಗಾಳಿ ಊರಿನತ್ತ ಬೀಸುವುದರಿಂದ ಎರಡೂ ನಿಮ್ಮ ತಾರಸಿಗೇ ಬರುತ್ತವೆ, ಹಾಗಾಗಿ ಗಾಳಿಯೊಂದರಿಂದ ತೀರ್ಮಾನಿಸಲಾಗದು. ಒಂದು ಬಿಳಿ ತಟ್ಟೆಯನ್ನು ದಿನವೂ ತಾರಸಿಯಲ್ಲಿಟ್ಟು, ಬಿದ್ದದ್ದರ ಫೋಟೊ, ಹೊತ್ತು, ಆಗ ಬಂದರಿನಲ್ಲಿದ್ದ ಹಡಗು ಇವುಗಳನ್ನು ಬರೆದಿಡಿ. ದೂರು ಕೊಡುವಾಗ ಅದು ಬೇಕಾಗುತ್ತದೆ.

ಸುಜಾತಾ: ಈಗಲೇ ಉಜ್ಜಿ ನೋಡಿದೆ. ಕೆಲವು ಜಿಡ್ಡು, ಕೆಲವು ಕಣ.

ರಫೀಕ್: ಹಾಗಿದ್ದರೆ ಎರಡೂ ಇರಬಹುದು. ಯಾವುದು ಎಷ್ಟೆಂದು ಪ್ರಯೋಗಾಲಯವೇ ಹೇಳಬೇಕು.